ಕೊಡಗಿನಲ್ಲಿರುವ ಅಪ್ಪನಿಗೆ ಹಾಡಿನ ಗಿಫ್ಟ್ ಕೋಡ್: ಕಳಿಸುವ ಮೆಸೇಜು ಹೇಗಿರಬೇಕು?

ಗಿಫ್ಟ್ ಕೋಡ್ ಕೊಳ್ಳೋದಕ್ಕೆ ಹೆಚ್ಚು ಹೊತ್ತು ಬೇಡ. ಎಪ್ಪತ್ತು ದಾಟಿದ ಅಪ್ಪ ಅದನ್ನು ತಮ್ಮ ಫೋನಿನಲ್ಲಿ ತಾವೇ ಹಾಕಿ, ತಮಗೆ ಬೇಕಾದ ಹಾಡು ಕೇಳಬೇಕು ಅಂದರೆ ಮಾತ್ರ ಸ್ವಲ್ಪ ತಯಾರಿ ಬೇಕು. ನಮ್ಮಪ್ಪ ನಾಪೋಕ್ಲು ಕಡೆ ತೋಟದ ಮನೆಯಲ್ಲಿದ್ದಾರೆ, ನಾನಿರುವುದು ಬೆಂಗಳೂರಿನಲ್ಲಿ. ಹಾಡು ಕೇಳುವ ಸ್ಪಾಟಿಫೈ ಆಪಿನಲ್ಲಿ ಜಾಹೀರಾತಿಲ್ಲದ, ಹಣ ಕಟ್ಟಿ ಪಡೆಯುವ ಪ್ಲಾನಿಗೆ ಪ್ರೀಮಿಯಂ ಅನ್ನುತ್ತಾರೆ. ಅದರ ಗಿಫ್ಟ್ ಕೋಡನ್ನು ಅವರಿಗೆ ಕೊಟ್ಟಾಗ ಬರೆದ ಮೆಸೇಜುಗಳನ್ನು ಇಲ್ಲಿ ಹಾಕಿದ್ದೇನೆ. ಯಾವ ಮಾತು ಯಾಕೆ ಬೇಕು ಅನ್ನೋದನ್ನೂ ಜೊತೆಗೆ ಹೇಳುತ್ತೇನೆ. ನಿಮ್ಮ ಅಪ್ಪನಿಗೆ ತಕ್ಕ ಹಾಗೆ ಬದಲಾಯಿಸಿಕೊಂಡು ಕಳಿಸಬಹುದು.

ಕೊಳ್ಳುವ ಮೊದಲು ನೋಡಬೇಕಾದ್ದು

ಮೊದಲನೆಯದು ದೇಶ. ಸ್ಪಾಟಿಫೈ ಗಿಫ್ಟ್ ಕಾರ್ಡ್ ಯಾವ ದೇಶದಲ್ಲಿ ಕೊಂಡದ್ದೋ ಆ ದೇಶದ ಅಕೌಂಟಿಗೆ ಮಾತ್ರ ನಡೆಯುತ್ತದೆ. ಕೊಡಗಿನ ಎಷ್ಟೋ ಮನೆಗಳಲ್ಲಿ ಒಬ್ಬ ಮಗ ದುಬೈನಲ್ಲೋ ಅಮೆರಿಕದಲ್ಲೋ ಇರುತ್ತಾನೆ ಅಲ್ವಾ? ಅವನು ಅಲ್ಲಿನ ಅಂಗಡಿಯಲ್ಲಿ ಕೊಂಡು ಕಳಿಸಿದ ಕೋಡನ್ನು ಅಪ್ಪನ ಭಾರತದ ಅಕೌಂಟು ಒಪ್ಪುವುದಿಲ್ಲ. ಅಂಥವರು ಇಲ್ಲೇ ಇರುವ ಅಣ್ಣನಿಗೋ ತಂಗಿಗೋ ಹಣ ಕಳಿಸಿ, ಭಾರತದ ಕೋಡನ್ನೇ ಕೊಡಿಸಬೇಕು.

ಎರಡನೆಯದು, ಅಪ್ಪನ ಫೋನಿನಲ್ಲಿ ಈಗಾಗಲೇ ಸ್ಪಾಟಿಫೈ ಇದೆಯಾ, ಇದ್ದರೆ ಹೇಗಿದೆ ಅಂತ ಕೇಳಿ ತಿಳಿದುಕೊಳ್ಳಿ. ಮನೆಯವರೆಲ್ಲ ಸೇರುವ ಫ್ಯಾಮಿಲಿ ಪ್ಲಾನಿನಲ್ಲಿ ಅವರ ಹೆಸರಿದ್ದರೆ ಗಿಫ್ಟ್ ಕೋಡ್ ಹತ್ತುವುದಿಲ್ಲ. ಮೊಬೈಲ್ ರೀಚಾರ್ಜ್ ಜೊತೆ ಪ್ರೀಮಿಯಂ ಸಿಕ್ಕಿದ್ದರೂ ಅಷ್ಟೇ, ಅದು ಮುಗಿಯುವವರೆಗೆ ಕಾಯಬೇಕು. ಅವರು ಸುಮ್ನೆ ಉಚಿತ ಅಕೌಂಟು ಇಟ್ಟುಕೊಂಡಿದ್ದರೆ ಅಥವಾ ಅಕೌಂಟೇ ಇಲ್ಲದಿದ್ದರೆ ಕೆಲಸ ಸುಲಭ.

ಮೂರನೆಯದು, ಆ ಕೋಡ್ ಎಷ್ಟು ತಿಂಗಳಿಗೆ, ಯಾವ ಪ್ಲಾನಿಗೆ ಅಂತ ಕೊಳ್ಳುವ ಪುಟದಲ್ಲೇ ಓದಿ. ಮುಖ್ಯವಾಗಿ ಹಾಡು ಡೌನ್‌ಲೋಡ್ ಮಾಡುವ ಸೌಲಭ್ಯ ಇದೆಯಾ ನೋಡಿ. ಕೊಡಗಿನಲ್ಲಿ ಇದೇ ದೊಡ್ಡ ವಿಷಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತಿಂಗಳ ಲೆಕ್ಕ ಶುರುವಾಗುವುದು ಅಪ್ಪ ಕೋಡ್ ಹಾಕಿದ ದಿನದಿಂದ. ಹಾಗಾಗಿ ಒಂದೆರಡು ವಾರ ಮುಂಚೆ ಕೊಂಡಿಟ್ಟರೆ ನಷ್ಟವಿಲ್ಲ. ಕೋಡಿಗೆ ಕೊನೆಯ ದಿನಾಂಕ ಏನಾದರೂ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಸಾಕು. ನನ್ನ ಮಟ್ಟಿಗೆ ಕಳಿಸಲು ಒಳ್ಳೆಯ ಕಾಲ ಮೇ ತಿಂಗಳು. ಕಾಫಿ ಕುಯ್ಲು, ಕಣದ ಕೆಲಸ ಎಲ್ಲ ಮುಗಿದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ಅಪ್ಪನಿಗೆ ಪುರುಸೊತ್ತೂ ಇರುತ್ತದೆ, ಟವರಿಗೆ ಕರೆಂಟೂ ಇರುತ್ತದೆ.

ಮೆಸೇಜಿಗಿಂತ ಮೊದಲು ಒಂದು ಫೋನ್

"ನಿಮಗೆ ಗಿಫ್ಟ್ ಬಂದಿದೆ, ಈ ಲಿಂಕ್ ಒತ್ತಿ, ಕೋಡ್ ಹಾಕಿ." ಇದನ್ನೇ ಅಪ್ಪನ ಕಣ್ಣಿನಿಂದ ಓದಿ ನೋಡಿ. ದುಡ್ಡು ದೋಚುವವರು ಕಳಿಸುವ ಮೆಸೇಜು ಕೂಡ ಅಕ್ಷರ ಅಕ್ಷರ ಹೀಗೇ ಇರುತ್ತದೆ. ಇಂಥದ್ದು ಬಂದರೆ ಮುಟ್ಟಬೇಡಿ ಅಂತ ಅವರಿಗೆ ಹೇಳಿಕೊಟ್ಟವರು ನಾವೇ. ಈಗ ನಾವೇ ಅಂಥದ್ದನ್ನು ಕಳಿಸಿ ಒತ್ತಿ ಅಂದರೆ, ನಾಳೆ ನಿಜವಾದ ಮೋಸದ ಮೆಸೇಜು ಬಂದಾಗ ಅವರಿಗೆ ಗುರುತು ಹಿಡಿಯೋದು ಕಷ್ಟವಾಗುತ್ತದೆ.

ಅದಕ್ಕೇ ಮೊದಲು ಫೋನ್ ಮಾಡಿ, ಬಾಯಲ್ಲೇ ಹೇಳಿ. "ಅಪ್ಪಾ, ಹಾಡು ಕೇಳೋಕೆ ಒಂದು ಉಡುಗೊರೆ ಕೊಂಡಿದ್ದೀನಿ. ಸಂಜೆ ಮೆಸೇಜು ಕಳಿಸ್ತೀನಿ, ನನ್ನ ನಂಬರಿನಿಂದಲೇ ಬರುತ್ತೆ. ಲಿಂಕ್ ಒತ್ತೋದು ಏನೂ ಇರಲ್ಲ." ಇಷ್ಟು ಸಾಕು. ನಮ್ಮಪ್ಪ ಕೇಳಿದ ಮೊದಲ ಪ್ರಶ್ನೆ, "ಬ್ಯಾಂಕಿನದು ಏನಾದ್ರೂ ಕೇಳುತ್ತಾ?" ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಮೆಸೇಜಿನಲ್ಲೂ ಬರಹದಲ್ಲಿ ಇರಲಿ:

> ಅಪ್ಪಾ, ಫೋನಿನಲ್ಲಿ ಹೇಳಿದ ಉಡುಗೊರೆ ಇದು. ದುಡ್ಡು ನಾನು ಕಟ್ಟಿಯಾಗಿದೆ. ನೀವು ಎಲ್ಲೂ ಕಾರ್ಡ್ ನಂಬರ್, ಬ್ಯಾಂಕ್ ನಂಬರ್, ಯುಪಿಐ ಪಿನ್ ಹಾಕಬೇಕಾಗಿಲ್ಲ. ಯಾವುದಾದರೂ ಪುಟ ಅದನ್ನು ಕೇಳಿದರೆ ನಾವು ದಾರಿ ತಪ್ಪಿದ್ದೇವೆ ಅಂತ ಅರ್ಥ. ಅಲ್ಲೇ ಬಿಟ್ಟು ನನಗೆ ಫೋನ್ ಮಾಡಿ.

ಇದು ಧೈರ್ಯಕ್ಕೆ ಹೇಳುವ ಮಾತು ಮಾತ್ರ ಆಗದೆ, ದಾರಿಯ ಗುರುತೂ ಆಗುತ್ತದೆ. ಗಿಫ್ಟ್ ಕೋಡ್ ಹಾಕುವಾಗ ಸ್ಪಾಟಿಫೈ ಹಣ ಕಟ್ಟುವ ವಿವರ ಕೇಳುವುದಿಲ್ಲ. ಆದರೆ ಆಪ್ ತೆರೆದ ಕೂಡಲೇ ಪ್ರೀಮಿಯಂ ತಗೊಳ್ಳಿ ಅನ್ನುವ ಜಾಹೀರಾತು ಕಾಣಿಸಬಹುದು. ಅಪ್ಪ ಅದೇ ನಮ್ಮ ಉಡುಗೊರೆ ಅಂದುಕೊಂಡು ಒತ್ತಿದರೆ ಅದು ನೇರ ಕಾರ್ಡ್ ಮತ್ತು ಯುಪಿಐ ಪುಟಕ್ಕೆ ಹೋಗುತ್ತದೆ. ಮೇಲಿನ ಮಾತು ಅಲ್ಲಿ ಅವರನ್ನು ನಿಲ್ಲಿಸುತ್ತದೆ.

"ನಾನೇ ಇಲ್ಲಿಂದ ಅಪ್ಪನ ಅಕೌಂಟಿಗೆ ಹೋಗಿ ಕೋಡ್ ಹಾಕಿಬಿಟ್ಟರೆ ಆಯ್ತಲ್ಲ" ಅಂತ ಅನ್ನಿಸಬಹುದು. ಆಗುತ್ತದೆ, ಕೋಡನ್ನು ಯಾವ ಊರಿನ ಕಂಪ್ಯೂಟರಿನಿಂದಲಾದರೂ ಹಾಕಬಹುದು. ಆದರೆ ಅದಕ್ಕೆ ಅಪ್ಪನ ಪಾಸ್‌ವರ್ಡೋ ಒಟಿಪಿಯೋ ಫೋನಿನಲ್ಲಿ ಕೇಳಬೇಕಾಗುತ್ತದೆ. ಒಟಿಪಿ ಯಾರಿಗೂ ಹೇಳಬಾರದು ಅನ್ನುವ ಅಭ್ಯಾಸಕ್ಕೆ ಅಪವಾದ ಮಾಡಿಸೋದು ನನಗೆ ಸರಿ ಕಾಣುವುದಿಲ್ಲ, ಕೇಳುವವರು ಮಕ್ಕಳೇ ಆಗಿದ್ದರೂ.

ಯಾವ ಅಕೌಂಟು ಅನ್ನೋದೇ ಮುಖ್ಯ

ಕೋಡ್ ಹಾಕಿ ಆಯ್ತು, ಆದರೂ ಆಪಿನಲ್ಲಿ ಜಾಹೀರಾತು ಬರ್ತಾ ಇದೆ. ಹೀಗಾದರೆ ಹೆಚ್ಚಿನ ಸಲ ಕಾರಣ ಒಂದೇ: ಕೋಡ್ ಹೋಗಿ ಕೂತದ್ದು ಒಂದು ಅಕೌಂಟಿನಲ್ಲಿ, ಆಪ್ ತೆರೆದಿರುವುದು ಇನ್ನೊಂದು ಅಕೌಂಟಿನಲ್ಲಿ. ಸ್ಪಾಟಿಫೈಗೆ ಗೂಗಲ್ ಮೂಲಕ ಹೋಗಬಹುದು, ಇಮೇಲ್ ಹಾಕಿ ಹೋಗಬಹುದು, ಫೋನ್ ನಂಬರ್ ಹಾಕಿಯೂ ಹೋಗಬಹುದು. ಮೂರೂ ಬಾಗಿಲಲ್ಲಿ ಒಂದೊಂದು ಸಲ ಹೊಕ್ಕರೆ ಒಬ್ಬರೇ ಮನುಷ್ಯನಿಗೆ ಎರಡು ಮೂರು ಅಕೌಂಟು ಹುಟ್ಟಿಕೊಳ್ಳುತ್ತವೆ. ಸ್ಪಾಟಿಫೈಗೆ ಇವರೆಲ್ಲ ಒಬ್ಬರೇ ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲೇ ಒಂದು ಬಾಗಿಲು ಗೊತ್ತು ಮಾಡಿ. ಆಂಡ್ರಾಯ್ಡ್ ಫೋನ್ ಇರುವ ಹಿರಿಯರಿಗೆ ಗೂಗಲ್ ಬಾಗಿಲೇ ವಾಸಿ. ಪಾಸ್‌ವರ್ಡ್ ನೆನಪಿಡಬೇಕಾಗಿಲ್ಲ, ಫೋನಿನಲ್ಲಿ ಈಗಾಗಲೇ ಇರುವ ಇಮೇಲನ್ನು ಒತ್ತಿದರೆ ಸಾಕು. ಇನ್ನೂ ಒಂದು ಕಾರಣ ಇದೆ. ಇಮೇಲೋ ನಂಬರೋ ಹಾಕಿ ಹೊರಟರೆ ಒಳಗೆ ಬಿಡಲು ಇನ್ನೊಂದು ಅಂಕಿಯ ಕೋಡ್ ಬರಬಹುದು. ಆಗ ಅಪ್ಪನ ಕೈಯಲ್ಲಿ ಎರಡು ಕೋಡ್ ಆಗುತ್ತದೆ. ಯಾವುದನ್ನು ಎಲ್ಲಿ ಹಾಕೋದು ಅಂತ ಫೋನಿನಲ್ಲಿ ವಿವರಿಸೋದರೊಳಗೆ ಇಬ್ಬರಿಗೂ ಸಾಕಾಗಿರುತ್ತದೆ.

ಆದರೆ ಆ ಗೂಗಲ್ ಇಮೇಲ್ ಯಾರದ್ದು ಅಂತ ನೋಡಬೇಕು. ಹಳ್ಳಿ ಕಡೆ ಎಷ್ಟೋ ಜನರ ಫೋನನ್ನು ಮೊದಲ ಸಲ ಶುರು ಮಾಡಿಕೊಟ್ಟದ್ದು ಮೊಬೈಲ್ ಅಂಗಡಿಯ ಹುಡುಗ, ಇಲ್ಲಾ ರಜೆಗೆ ಬಂದ ಮೊಮ್ಮಗ. ಅವರು ತಮ್ಮದೇ ಇಮೇಲ್ ಹಾಕಿಬಿಟ್ಟಿರುತ್ತಾರೆ. ಕಂಡುಹಿಡಿಯುವುದು ಸುಲಭ. ಹಿಂದಿನ ದಿನವೇ ಈ ಮೆಸೇಜು ಕಳಿಸಿ:

> ಅಪ್ಪಾ, Play Store ತೆರೆಯಿರಿ. ಮೇಲೆ ಬಲಗಡೆ ಮೂಲೆಯಲ್ಲಿ ಒಂದು ಸಣ್ಣ ಗುಂಡು ಇದೆ. ಅದರಲ್ಲಿ ಫೋಟೋ ಇರಬಹುದು ಅಥವಾ ಒಂದು ಅಕ್ಷರ ಇರಬಹುದು. ಅದನ್ನು ಒತ್ತಿ. @gmail.com ಅಂತ ಕೊನೆಯಾಗುವ ಒಂದು ಹೆಸರು ಕಾಣುತ್ತದೆ. ಅದನ್ನು ಹಾಗೇ ಓದಿ ನನಗೆ ಬರೆದು ಕಳಿಸಿ.

ಬಂದ ಹೆಸರು ಅಪ್ಪನದೇ ಆಗಿದ್ದರೆ ಮುಂದೆ ಹೋಗಬಹುದು. ಬೇರೆಯವರದಾಗಿದ್ದರೆ ಅಪ್ಪನ ಹೆಸರಿನಲ್ಲಿ ಇಮೇಲ್ ಮಾಡಿಕೊಡುವವರೆಗೆ ಕೋಡ್ ಕಳಿಸಬೇಡಿ. ಒಮ್ಮೆ ಒಂದು ಅಕೌಂಟಿಗೆ ಹಾಕಿದ ಕೋಡನ್ನು ಕಿತ್ತು ಇನ್ನೊಂದಕ್ಕೆ ಹಾಕಲು ಬರುವುದಿಲ್ಲ.

ಅದೇ ದಿನ ಆಪನ್ನೂ ಹಾಕಿಸಿಬಿಡಿ. ಪ್ಲೇ ಸ್ಟೋರಿನಲ್ಲಿ ಸ್ಪಾಟಿಫೈ ಹುಡುಕಿ Install ಒತ್ತುವುದು, ತೆರೆದು `Continue with Google` ಒತ್ತುವುದು, ತಮ್ಮ ಇಮೇಲ್ ಒತ್ತುವುದು. ಮುಂದೆ ಯಾವ ಗಾಯಕರು ಇಷ್ಟ ಅಂತ ಕೇಳಿದರೆ ಕೆಲವು ಮುಖ ಒತ್ತಿದರೆ ಆಯ್ತು. ಇಲ್ಲಿಗೆ ಉಚಿತ ಅಕೌಂಟು ಸಿದ್ಧ. ಕೋಡಿನ ಕೆಲಸ ನಾಳೆಗಿರಲಿ. ಹೊಸ ಆಪಿನ ಪರಿಚಯ, ಕೋಡ್ ಹಾಕೋದು, ಎರಡೂ ಒಂದೇ ಸಂಜೆ ಅಂದರೆ ಜಾಸ್ತಿಯಾಗುತ್ತದೆ.

ಕೋಡ್ ಹಾಕುವ ಸಂಜೆ

ಮೆಸೇಜು ಹೇಗೆ ಬರೆಯಬೇಕು ಅನ್ನೋದಕ್ಕೆ ನಾನು ಇಟ್ಟುಕೊಂಡ ನಿಯಮ ಇದು: ಒಂದು ಮೆಸೇಜಿನಲ್ಲಿ ಒಂದೇ ಕೆಲಸ, ಅದು ಆದ ಮೇಲೆ ಪರದೆಯಲ್ಲಿ ಏನು ಕಾಣಬೇಕು ಅನ್ನೋ ಮಾತು. ಹಿರಿಯರಿಗೆ ತೊಡಕಾಗೋದು ಒತ್ತುವ ಜಾಗದಲ್ಲಿ ಅಲ್ಲವೇ ಅಲ್ಲ. ಒತ್ತಿದ ಮೇಲೆ ಬಂದದ್ದು ಸರಿಯೋ ತಪ್ಪೋ ಅಂತ ಗೊತ್ತಾಗದೆ ನಿಂತುಬಿಡುತ್ತಾರೆ. ಪರದೆಯ ಮೇಲಿನ ಇಂಗ್ಲಿಷ್ ಪದವನ್ನು ಅಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಕನ್ನಡ ಮಾಡಿ ಬರೆದರೆ ಅವರು ಅದನ್ನು ಪರದೆಯಲ್ಲಿ ಹುಡುಕುತ್ತಾ ಕೂರುತ್ತಾರೆ.

ವಾಯ್ಸ್ ಮೆಸೇಜು ಕಳಿಸಬೇಡಿ. ಬರೆದದ್ದನ್ನಾದರೆ ಮತ್ತೆ ಮತ್ತೆ ನೋಡಬಹುದು. ವಾಟ್ಸಾಪಿನಿಂದ ಕ್ರೋಮಿಗೆ ಹೋದ ಕೂಡಲೇ ನಮ್ಮ ಮೆಸೇಜು ಕಣ್ಮರೆಯಾಗುತ್ತದೆ ಅನ್ನೋ ತೊಂದರೆ ಇನ್ನೊಂದು. ಅದಕ್ಕೆ ನಮ್ಮಪ್ಪನೇ ದಾರಿ ಕಂಡುಕೊಂಡರು. ತೋಟದ ಮಳೆ ಲೆಕ್ಕ ಬರೆಯುವ ಡೈರಿ ಇದೆಯಲ್ಲ, ದಿನಾ ಬೆಳಗ್ಗೆ ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಗುರುತು ಹಾಕೋದು, ಅದರ ಹಿಂದಿನ ಹಾಳೆಗೆ ಮೆಸೇಜನ್ನೆಲ್ಲ ದೊಡ್ಡ ಅಕ್ಷರದಲ್ಲಿ ಇಳಿಸಿಕೊಂಡರು. ನಿಮ್ಮ ಅಪ್ಪನಿಗೂ ಮೊದಲೇ ಹಾಗೆ ಹೇಳಬಹುದು. ಕಾಗದ ಪಕ್ಕದಲ್ಲಿದ್ದರೆ ಅರ್ಧ ಗಲಿಬಿಲಿ ಕಮ್ಮಿ.

ಕೋಡ್ ಹಾಕುವ ಪುಟ ತೆರೆಯೋದು ಫೋನಿನ ಬ್ರೌಸರಿನಲ್ಲಿ. ಆಪಿನೊಳಗೆ ಹುಡುಕುತ್ತಾ ಕೂತರೆ ಸಿಗುವುದಿಲ್ಲ.

> 1. ನೆಟ್‌ವರ್ಕ್ ಚೆನ್ನಾಗಿ ಸಿಗುವ ಕಡೆ ಕೂತುಕೊಳ್ಳಿ. Chrome ತೆರೆಯಿರಿ. ಕೆಂಪು, ಹಳದಿ, ಹಸಿರು ಸುತ್ತಿದ ನೀಲಿ ಚಕ್ರದ ಚಿತ್ರ ಅದು. ತೆರೆದರೆ "ಆಯ್ತು" ಅಂತ ಬರೆಯಿರಿ.

> 2. ಎಲ್ಲಕ್ಕಿಂತ ಮೇಲಿನ ಉದ್ದ ಪಟ್ಟಿಯನ್ನು ಒತ್ತಿ, ಅಲ್ಲಿರುವುದನ್ನು ಅಳಿಸಿ, ಕೆಳಗಿನ ವಿಳಾಸವನ್ನು ಒತ್ತದೆ, ನೋಡಿಕೊಂಡು ಬರೆಯಿರಿ. ನಡುವೆ ಜಾಗ ಬಿಡಬೇಡಿ. ಕೀಬೋರ್ಡಿನ ಕೆಳಗಿನ ಬಲ ಮೂಲೆಯ ಬಾಣ ಒತ್ತಿ.

```
www.spotify.com/redeem
```

> ಪುಟ ತೆರೆದ ಮೇಲೆ ವಿಳಾಸದ ನಡುವೆ in-en ಅಂತ ಸೇರಿಕೊಂಡಿರಬಹುದು. ಅದು ಭಾರತದ ಪುಟ ಅಂತ ಅರ್ಥ, ಸರಿಯಾಗಿದೆ.

ಇದನ್ನೇ ಲಿಂಕಾಗಿ ಒತ್ತಿಸಿದರೆ ಸುಲಭ ಅಲ್ವಾ ಅಂತ ಕೇಳಬಹುದು. ಲಿಂಕ್ ಒತ್ತಿದರೆ ಕೆಲವು ಫೋನುಗಳಲ್ಲಿ ಪುಟದ ಬದಲು ಆಪ್ ತೆರೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯ, ಮೆಸೇಜಿನಲ್ಲಿ ಬಂದ ಲಿಂಕ್ ಒತ್ತದೆ ವಿಳಾಸವನ್ನು ತಾವೇ ಬರೆಯುವ ಅಭ್ಯಾಸ ಅಪ್ಪನಿಗೆ ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ.

> 3. ಪುಟ ಲಾಗಿನ್ ಕೇಳುತ್ತದೆ. ಅಲ್ಲಿ Continue with Google ಒತ್ತಿ. ನಿನ್ನೆ ನನಗೆ ಕಳಿಸಿದ ಅದೇ ಇಮೇಲ್ ಕಾಣುತ್ತದೆ, ಅದನ್ನು ಒತ್ತಿ. ಬೇರೆ ಇಮೇಲ್ ಕಂಡರೆ ಒತ್ತಬೇಡಿ, ನನಗೆ ಹೇಳಿ.

> 4. ಈಗ ಒಂದು ಖಾಲಿ ಡಬ್ಬಿ ಕಾಣಬೇಕು. ಕೋಡ್ ಹಾಕುವ ಜಾಗ ಅದೇ. ಕಂಡರೆ "ಆಯ್ತು" ಅಂತ ಬರೆಯಿರಿ, ಕೋಡ್ ಕಳಿಸುತ್ತೇನೆ.

ಕೋಡನ್ನು ಈ ಹಂತಕ್ಕೆ ಬಂದ ಮೇಲೆಯೇ ಕಳಿಸಿ, ಅದೂ ಬೇರೆ ಮೆಸೇಜಾಗಿ. ಆ ಮೆಸೇಜಿನಲ್ಲಿ ಕೋಡ್ ಬಿಟ್ಟು ಒಂದು ಚುಕ್ಕಿಯೂ ಇರಬಾರದು. ವಾಟ್ಸಾಪಿನಲ್ಲಿ ಮೆಸೇಜನ್ನು ಒತ್ತಿ ಹಿಡಿದು ಕಾಪಿ ಮಾಡಿದರೆ ಇಡೀ ಮೆಸೇಜೇ ಬರುತ್ತದೆ. "ಅಪ್ಪಾ, ಕೋಡ್ ಇದು" ಅಂತ ಸೇರಿಸಿದ್ದರೆ ಅದೂ ಡಬ್ಬಿಯೊಳಗೆ ಹೋಗಿ ಕೂರುತ್ತದೆ, ಪುಟ ಕೋಡ್ ತಪ್ಪು ಅನ್ನುತ್ತದೆ. ಕಾರ್ಡಿನ ಫೋಟೋ ಕಳಿಸಿದರೂ ಕಷ್ಟವೇ. ನೋಡಿ ಬರೆಯುವಾಗ ಸೊನ್ನೆಯೋ ಓ ಅಕ್ಷರವೋ, ಒಂದೋ ಐ ಅಕ್ಷರವೋ ತಿಳಿಯುವುದಿಲ್ಲ. ಫೋಟೋ ಬಿಟ್ಟು ಬೇರೆ ಏನೂ ಇಲ್ಲದಿದ್ದರೆ ನೀವು ಅದನ್ನು ನೋಡಿ ಟೈಪ್ ಮಾಡಿ ಕಳಿಸಿ.

ಇನ್ನೊಂದು ಮಾತು. ಕೋಡನ್ನು ಕುಟುಂಬದ ಗ್ರೂಪಿನಲ್ಲಿ ಹಾಕಲೇಬೇಡಿ. ಅದು ಕೈಯಲ್ಲಿರುವ ನೋಟಿನ ಹಾಗೆ, ಮೊದಲು ಯಾರು ಹಾಕುತ್ತಾರೋ ಅವರದ್ದು. ಯಾರೋ ಹುಡುಗರು ಕುತೂಹಲಕ್ಕೆ ಹಾಕಿ ನೋಡಿದರೂ ಅಲ್ಲಿಗೆ ಮುಗೀತು.

> 5. ಮೇಲೆ ಕಳಿಸಿದ ಕೋಡನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಮೆಸೇಜಿಗೆ ಬಣ್ಣ ಬರುತ್ತದೆ. ಮೇಲೆ ಎರಡು ಹಾಳೆ ಒಂದರ ಮೇಲೊಂದು ಇಟ್ಟ ಗುರುತು ಇದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ ಮೂರು ಚುಕ್ಕಿ ಒತ್ತಿ, Copy ಒತ್ತಿ.

> 6. ಮತ್ತೆ Chrome ತೆರೆಯಿರಿ. ಖಾಲಿ ಡಬ್ಬಿಯನ್ನು ಒತ್ತಿ ಹಿಡಿಯಿರಿ. Paste ಅಂತ ಬರುತ್ತದೆ, ಒತ್ತಿ. ಕೋಡ್ ಡಬ್ಬಿಯಲ್ಲಿ ಕಂಡ ಮೇಲೆ ಕೆಳಗಿನ Redeem ಒತ್ತಿ. ಒಂದೇ ಸಲ ಒತ್ತಿ ಕಾಯಿರಿ, ಅಲ್ಲಿನ ನೆಟ್ಟಿಗೆ ಸ್ವಲ್ಪ ಹೊತ್ತು ಹಿಡಿಯಬಹುದು.

> 7. ಕೋಡ್ ಒಪ್ಪಿದೆ ಅಂತ ಒಂದು ಪುಟ ಬರುತ್ತದೆ. ಅದನ್ನು ಮುಚ್ಚಬೇಡಿ, ಪರದೆಯ ಫೋಟೋ ತೆಗೆದು ಕಳಿಸಿ. ಪವರ್ ಬಟನ್ ಮತ್ತು ಸದ್ದು ಕಮ್ಮಿ ಮಾಡುವ ಬಟನ್ ಎರಡನ್ನೂ ಒಟ್ಟಿಗೆ ಒತ್ತಿದರೆ ಫೋಟೋ ಆಗುತ್ತದೆ.

ಆ ಫೋಟೋ ಬಂದಮೇಲೆ ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ. ಮುಂದೆ ಏನಾದರೂ ತಕರಾರು ಬಂದರೆ ಅದೂ ಕೊಂಡ ರಸೀದಿಯೂ ಬೇಕಾಗುತ್ತವೆ.

ಕೋಡ್ ಹಿಡಿಯದಿದ್ದರೆ

ಪುಟ ಕೋಡ್ ತಪ್ಪು ಅಂದರೆ ಮೊದಲು ಡಬ್ಬಿಯಲ್ಲಿ ಕೋಡಿನ ಹಿಂದೆ ಮುಂದೆ ಖಾಲಿ ಜಾಗ ಸೇರಿದೆಯಾ ನೋಡಲು ಹೇಳಿ. ಎಲ್ಲ ಅಳಿಸಿ ಇನ್ನೊಮ್ಮೆ ಪೇಸ್ಟ್ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಕೋಡ್ ಆಗಲೇ ಬಳಸಿದ್ದಾಗಿದೆ ಅಂದರೆ ಹೆದರಬೇಡಿ. Redeem ಒತ್ತಿದ ಮೇಲೆ ನೆಟ್ ಕಟ್ಟಾಗಿ, ಕೋಡ್ ಒಳಗೆ ಹೋಗಿ, ಉತ್ತರ ಮಾತ್ರ ಪರದೆಗೆ ಬಾರದೆ ಇರಬಹುದು. ಅಪ್ಪ ಎರಡನೇ ಸಲ ಒತ್ತಿದಾಗ ಈ ಮಾತು ಬರುತ್ತದೆ. ಆಪ್ ತೆರೆದು ಪ್ಲಾನ್ ಬದಲಾಗಿದೆಯಾ ಅಂತ ಮೊದಲು ನೋಡಿ.

ಪುಟ ದೇಶದ ಮಾತೆತ್ತಿದರೆ ಅಕೌಂಟಿನ ಪ್ರೊಫೈಲಿನಲ್ಲಿ ಯಾವ ದೇಶ ಇದೆ ನೋಡಬೇಕು. ಮಗಳ ಮನೆಗೆ ಅಂತ ಹೊರದೇಶಕ್ಕೆ ಹೋಗಿದ್ದಾಗ ಮಾಡಿಕೊಂಡ ಅಕೌಂಟು ಆಗಿದ್ದರೆ ಅಲ್ಲಿನ ದೇಶವೇ ಉಳಿದಿರುತ್ತದೆ.

ಕೋಡ್ ಒಪ್ಪಿದೆ, ಆಪ್ ಮಾತ್ರ ಇನ್ನೂ ಉಚಿತದ್ದೇ ತೋರಿಸುತ್ತಿದೆ ಅಂದರೆ ಆಪಿನಿಂದ ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಆಪಿನಲ್ಲಿ ತಮ್ಮ ಗುಂಡು ಚಿತ್ರ ಒತ್ತಿ, ಸೆಟ್ಟಿಂಗ್ಸಿಗೆ ಹೋಗಿ, ಕೆಳಗೆ ಕಾಣುವ Log out ಒತ್ತಿ, ಮತ್ತೆ `Continue with Google`, ಅದೇ ಇಮೇಲ್. ಹಾಗೆ ಮಾಡಿಯೂ ಸರಿಯಾಗದಿದ್ದರೆ ಎರಡು ಕಡೆಯ ಇಮೇಲ್ ಬೇರೆ ಬೇರೆ ಇದೆ ಅಂತಲೇ ತಿಳಿಯಿರಿ.

ಮಳೆಗೆ ಮೊದಲು ಹಾಡು ತುಂಬಿಸಿಡುವುದು

ಕೋಡ್ ಹತ್ತಿದ ಮೇಲೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡರೆ ಜೂನ್ ಬರುವ ಹೊತ್ತಿಗೆ ಅಪ್ಪ ಆಪ್ ತೆರೆಯೋದನ್ನೇ ಬಿಟ್ಟಿರುತ್ತಾರೆ. ಕೊಡಗಿನ ಮಳೆಗಾಲ ನಿಮಗೆ ಗೊತ್ತು. ಕಕ್ಕಡದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಹೊರಗೆ ಕಾಲಿಡಲಾಗದ ಆ ದಿನಗಳಲ್ಲೇ ಹಾಡು ಬೇಕಾಗೋದು, ಆಗಲೇ ನೆಟ್ ಇರುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಕೊಡಗಿನಲ್ಲಿ ಈ ಉಡುಗೊರೆಯ ಬೆಲೆ ಇರೋದು ಡೌನ್‌ಲೋಡಿನಲ್ಲಿ.

ಹಾಡು ಹುಡುಕುವ ಕೆಲಸ ಮೊದಲ ಸಲ ನೀವೇ ಮಾಡಿಕೊಡಿ. ನಿಮ್ಮ ಸ್ಪಾಟಿಫೈನಲ್ಲಿ ಅಪ್ಪನ ಹೆಸರಿನ ಒಂದು ಪ್ಲೇಲಿಸ್ಟ್ ಮಾಡಿ. ಅವರಿಗೆ ಪಿ.ಬಿ. ಶ್ರೀನಿವಾಸ್ ಇಷ್ಟವೋ, ಭೀಮಸೇನ ಜೋಶಿ ಇಷ್ಟವೋ ನಿಮಗೆ ಗೊತ್ತಿರುತ್ತದೆ. ಹಾಡುಗಳ ಹೆಸರು ಅಲ್ಲಿ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿರುತ್ತವೆ, ಒಂದೇ ಹೆಸರನ್ನು ನಾಲ್ಕು ಥರ ಬರೆದಿರುತ್ತಾರೆ. ಆ ಹುಡುಕಾಟ ಮೊದಲ ದಿನವೇ ಅಪ್ಪನಿಗೆ ಬೇಡ. ಪ್ಲೇಲಿಸ್ಟಿನ ಲಿಂಕನ್ನು ಅವರು ಫೋನಿನಲ್ಲಿ ನಿಮ್ಮ ಜೊತೆ ಮಾತಾಡುತ್ತಿರುವಾಗ ಕಳಿಸಿ, "ಇದು ನಾನು ಕಳಿಸಿದ್ದು, ಒತ್ತಬಹುದು" ಅಂತ ಹೇಳಿ ಒತ್ತಿಸಿ.

> ಅಪ್ಪಾ, ಈಗ ಹಾಡಿನ ಪಟ್ಟಿ ಕಾಣುತ್ತಿದೆ. ಮೇಲೆ ಗುಂಡಿನೊಳಗೆ + ಗುರುತು ಇದೆ, ಒತ್ತಿ. ಪಟ್ಟಿ ನಿಮ್ಮದಾಯಿತು. ಅದರ ಪಕ್ಕ ಗುಂಡಿನೊಳಗೆ ಕೆಳಗೆ ನೋಡುವ ಬಾಣ ಇದೆ, ಅದನ್ನೂ ಒತ್ತಿ. ಒಂದೊಂದೇ ಹಾಡಿನ ಹೆಸರಿನ ಹತ್ತಿರ ಹಸಿರು ಬಾಣ ಬರುತ್ತದೆ. ಎಲ್ಲ ಹಾಡಿಗೂ ಹಸಿರು ಬಂದರೆ ಮುಗೀತು. ಅಲ್ಲಿಯವರೆಗೆ ಫೋನನ್ನು ಚಾರ್ಜಿಗೆ ಹಾಕಿಡಿ.

ಇಲ್ಲಿ ಒಂದು ತಡೆ ಇದೆ. ಸ್ಪಾಟಿಫೈ ಸುಮ್ಮನೆ ಬಿಟ್ಟರೆ ವೈಫೈನಲ್ಲಿ ಮಾತ್ರ ಡೌನ್‌ಲೋಡ್ ಮಾಡುತ್ತದೆ. ಅಪ್ಪನ ಹತ್ತಿರ ಬರೀ ಸಿಮ್ಮಿನ ನೆಟ್ ಇದ್ದರೆ ಬಾಣ ಒತ್ತಿದ ಮೇಲೂ ಏನೂ ಇಳಿಯದೆ ಕಾಯುತ್ತಾ ಕೂರುತ್ತದೆ. ಹಾಳಾಗಿದೆ ಅಂತ ಅವರು ಅಂದುಕೊಳ್ಳುತ್ತಾರೆ. ಸೆಟ್ಟಿಂಗ್ಸಿನಲ್ಲಿ ಮೊಬೈಲ್ ಡೇಟಾದಲ್ಲಿ ಡೌನ್‌ಲೋಡ್ ಮಾಡಲು ಬಿಡುವ ಗುಂಡಿ ಇದೆ. `Download using cellular` ಅಂತ ಅದರ ಹೆಸರು. ಅದನ್ನು ಹಾಕಿಸಿ, ಡೌನ್‌ಲೋಡ್ ಮುಗಿದ ಮೇಲೆ ಮತ್ತೆ ತೆಗೆಸಿ.

ಎಷ್ಟು ಡೇಟಾ ಹೋಗುತ್ತದೆ ಅಂತ ಅಪ್ಪ ಖಂಡಿತ ಕೇಳುತ್ತಾರೆ. ನಾಲ್ಕು ನಿಮಿಷದ 100 ಹಾಡು ಅಂತ ಇಟ್ಟುಕೊಳ್ಳಿ. ಅಂದರೆ ಆರೂಮುಕ್ಕಾಲು ಗಂಟೆ ಹತ್ತಿರ ಹತ್ತಿರ. ಗುಣಮಟ್ಟ Normal ಇಟ್ಟರೆ ಸೆಕೆಂಡಿಗೆ 96 ಕಿಲೋಬಿಟ್, ಒಟ್ಟು ಸುಮಾರು 290 ಎಂಬಿ. Very high ಇಟ್ಟರೆ 320 ಕಿಲೋಬಿಟ್, ಸುಮಾರು 960 ಎಂಬಿ. ಹಳೆಯ ಹಾಡನ್ನು ಫೋನಿನ ಸ್ಪೀಕರಿನಲ್ಲಿ ಕೇಳುವಾಗ ಎರಡಕ್ಕೂ ವ್ಯತ್ಯಾಸ ತಿಳಿಯೋದು ಕಷ್ಟ. Normal ಸಾಕು. ದಿನಕ್ಕೆ ಒಂದೂವರೆ ಜಿಬಿ ಸಿಗುವ ರೀಚಾರ್ಜಿನಲ್ಲಿ ಒಂದೇ ದಿನಕ್ಕೆ ಆರಾಮಾಗಿ ಆಗುತ್ತದೆ.

ಇಳಿದದ್ದು ನಿಜವಾಗಿ ಇಳಿದಿದೆಯಾ ಅಂತ ಪರೀಕ್ಷೆ ಮಾಡಿಸದೆ ಬಿಡಬೇಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಪ್ ತೆರೆದು, `Your Library` ಒತ್ತಿ, ಅದೇ ಪಟ್ಟಿಯ ಒಂದು ಹಾಡು ಹಾಕಲು ಹೇಳಿ. ಹಾಡಿದರೆ ಮಳೆಗಾಲಕ್ಕೆ ತಯಾರು. ಏರೋಪ್ಲೇನ್ ಮೋಡ್ ತೆಗೆಯಲು ನೆನಪಿಸಿ, ಇಲ್ಲದಿದ್ದರೆ ಆಮೇಲೆ ಫೋನೂ ಹತ್ತುವುದಿಲ್ಲ.

ಡೌನ್‌ಲೋಡ್ ಉಳಿಯಬೇಕಾದರೆ 30 ದಿನಕ್ಕೆ ಒಮ್ಮೆಯಾದರೂ ನೆಟ್ ಇರುವಾಗ ಆಪ್ ತೆರೆಯಬೇಕು. ಪ್ರೀಮಿಯಂ ಇನ್ನೂ ಇದೆಯಾ ಅಂತ ಆಪ್ ನೋಡಿಕೊಳ್ಳೋದು ಆಗಲೇ. ನಾಲ್ಕಾರು ದಿನ ನೆಟ್ ಹೋದರೆ ಏನೂ ಆಗುವುದಿಲ್ಲ. ಆದರೆ ಹಳೆಯ ಫೋನಿಗೆ ಹಾಡು ತುಂಬಿಸಿ ಸಿಮ್ ಇಲ್ಲದೆ ಇಡೋಣ ಅನ್ನುವವರು ಇದನ್ನು ನೆನಪಿಡಬೇಕು. ಆಪನ್ನು ತೆಗೆದು ಮತ್ತೆ ಹಾಕಿದರೂ ಇಳಿಸಿದ ಹಾಡು ಹೋಗುತ್ತದೆ. "ಏನೋ ಸರಿ ಇಲ್ಲ ಅಂತ ಡಿಲೀಟ್ ಮಾಡಿ ಹಾಕಿದೆ" ಅನ್ನೋ ಅಭ್ಯಾಸದವರಿಗೆ ಇದನ್ನು ಮೊದಲೇ ಹೇಳಿ.

ಇನ್ನೆರಡು ಸಣ್ಣ ವಿಷಯ. ಪಟ್ಟಿ ಮುಗಿದ ಮೇಲೆ ಆಪ್ ತಾನೇ ಬೇರೆ ಹಾಡು ಹಾಕುತ್ತಾ ಹೋಗುತ್ತದೆ. ಯಾವುದೋ ಗೊತ್ತಿಲ್ಲದ ಹಾಡು ಬಂದು ಅಪ್ಪನಿಗೆ ಕಿರಿಕಿರಿ, ಡೇಟಾವೂ ಹೋಗುತ್ತದೆ. ಸೆಟ್ಟಿಂಗ್ಸಿನಲ್ಲಿ Autoplay ಆಫ್ ಮಾಡಿಸಿಬಿಡಿ. ರಾತ್ರಿ ಹಾಡು ಕೇಳುತ್ತಾ ನಿದ್ದೆ ಹೋಗುವವರಿಗೆ ಸ್ಲೀಪ್ ಟೈಮರ್ ಇದೆ. ಹಾಡು ಓಡುವ ದೊಡ್ಡ ಪರದೆಯಲ್ಲಿ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. 30 ನಿಮಿಷ ಅಂತ ಇಟ್ಟರೆ ತಾನೇ ನಿಲ್ಲುತ್ತದೆ.

ಇದು ಬಂತು ಅಂತ ರೇಡಿಯೋ ಅಟ್ಟಕ್ಕೆ ಹಾಕಲು ಹೇಳಬೇಡಿ. ಸ್ಪಾಟಿಫೈನಲ್ಲಿ ಮಡಿಕೇರಿ ಆಕಾಶವಾಣಿ ಬರುವುದಿಲ್ಲ. ಟವರ್ ಬಿದ್ದಿರುವ ದಿನ ಮಳೆ, ರಸ್ತೆ, ಶಾಲೆ ರಜೆಯ ಸುದ್ದಿ ಕೇಳಲು ಬ್ಯಾಟರಿ ರೇಡಿಯೋನೇ ಬೇಕು.

ಮುಗಿಯುವ ದಿನದ ಮೆಸೇಜು

ಕೋಡಿನ ತಿಂಗಳು ಮುಗಿದಾಗ ಅಪ್ಪನ ಖಾತೆಯಿಂದ ಹಣ ಹೋಗುವುದಿಲ್ಲ, ಯಾಕೆಂದರೆ ಅವರು ಯಾವ ಕಾರ್ಡನ್ನೂ ಕೊಟ್ಟಿಲ್ಲ. ಅಕೌಂಟು ಉಚಿತಕ್ಕೆ ಮರಳುತ್ತದೆ. ಪಟ್ಟಿ ಉಳಿಯುತ್ತದೆ, ಡೌನ್‌ಲೋಡ್ ಹೋಗುತ್ತದೆ, ಜಾಹೀರಾತು ಬರುತ್ತದೆ. ಇದನ್ನು ಮೊದಲ ದಿನವೇ ತಿಳಿಸಿ, ಆ ದಿನಾಂಕವನ್ನು ನಿಮ್ಮ ಕ್ಯಾಲೆಂಡರಿನಲ್ಲೂ ಹಾಕಿಕೊಳ್ಳಿ. ಮುಗಿಯುವ ಒಂದು ವಾರ ಮೊದಲು ನಾನು ಕಳಿಸುವುದು ಹೀಗೆ:

> ಅಪ್ಪಾ, ಹಾಡಿನ ಉಡುಗೊರೆ ಮುಂದಿನ ವಾರ ಮುಗಿಯುತ್ತದೆ. ನಡುವೆ ಜಾಹೀರಾತು ಬಂದರೆ ಗಾಬರಿ ಬೇಡ, ಫೋನ್ ಹಾಳಾಗಿಲ್ಲ. ಪ್ರೀಮಿಯಂ ಮುಗಿದಿದೆ, ಈಗ ಹಣ ಕಟ್ಟಿ ಅಂತ ಯಾರಾದರೂ ಮೆಸೇಜು ಕಳಿಸಿದರೆ, ಫೋನ್ ಮಾಡಿದರೆ ಏನೂ ಮಾಡಬೇಡಿ. ಮುಂದುವರಿಸಬೇಕು ಅನ್ನಿಸಿದರೆ ನನಗೆ ಹೇಳಿ, ಹೊಸ ಕೋಡ್ ಕೊಳ್ಳುತ್ತೇನೆ. ಡೈರಿಯ ಹಿಂದಿನ ಹಾಳೆ ನೋಡಿಕೊಂಡು ಹಾಕಿದರೆ ಆಯ್ತು.